ಡೆಮೊ ದಿನದಿಂದ ಹಿಂದಕ್ಕೆ ಎಣಿಸಿ: 16 ವಾರದ ಪ್ರಾಜೆಕ್ಟ್‌ಗೆ ಒಂದು ವೇಳಾಪಟ್ಟಿ

(ಹಾಸನದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಪ್ರಾಜೆಕ್ಟನ್ನು ತೆಗೆದುಕೊಂಡು ಅದರ 16 ವಾರಗಳನ್ನು ನಿಮ್ಮೆದುರು ಬಿಡಿಸಿ ಇಡುತ್ತೇನೆ. ಪ್ರಾಜೆಕ್ಟ್ ಇದು: ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಪೆಟ್ಟಿಗೆ ಇಡಬೇಕು. ಅದು 15 ನಿಮಿಷಕ್ಕೊಮ್ಮೆ ಎದ್ದು, ಅಳೆದು, ಲೋರಾ ರೇಡಿಯೋದಲ್ಲಿ ತೋಟದ ಮನೆಗೆ ಅಂಕಿ ಕಳಿಸಿ, ಮತ್ತೆ ಮಲಗಬೇಕು. ತಂಡದಲ್ಲಿ ನಾಲ್ವರು. ಒಬ್ಬರಿಗೆ ರೇಡಿಯೋ, ಒಬ್ಬರಿಗೆ ಸೆನ್ಸರ್, ಒಬ್ಬರಿಗೆ ಬ್ಯಾಟರಿ ಮತ್ತು ಪೆಟ್ಟಿಗೆ, ಒಬ್ಬರಿಗೆ ಮನೆಯಲ್ಲಿರುವ ರಿಸೀವರ್ ಮತ್ತು ವರದಿ. ಆಗಸ್ಟ್ ಮೊದಲ ವಾರ ಶುರು, ನವೆಂಬರ್ ಕೊನೆಗೆ ಡೆಮೊ ಎಂದು ಇಟ್ಟುಕೊಳ್ಳೋಣ.

ಸಾಮಾನ್ಯವಾಗಿ ತಂಡಗಳು ಮೊದಲ ವಾರದಿಂದ ಮುಂದಕ್ಕೆ ಎಣಿಸುತ್ತವೆ. ಎರಡು ವಾರ ಓದು, ಎರಡು ವಾರ ವಿನ್ಯಾಸ, ಆಮೇಲೆ ಸಾಮಾನು ತರುವುದು. ಹಾಗೆ ಬರೆದ ಪಟ್ಟಿಯಲ್ಲಿ ಎಲ್ಲವೂ ಹಿಡಿಸುತ್ತದೆ, ಏಕೆಂದರೆ ಕೊನೆಯ ಕೆಲಸಗಳನ್ನು ಚಿಕ್ಕದಾಗಿ ಬರೆದು ತುರುಕಿರುತ್ತೇವೆ. ನಾವು ಕೊನೆಯಿಂದ ಎಣಿಸೋಣ.

16ನೇ ವಾರ ಡೆಮೊ. 15ನೇ ವಾರ ವರದಿಯ ಪ್ರಿಂಟ್, ಬೈಂಡಿಂಗ್, ಗೈಡ್ ಸಹಿ. 14ನೇ ವಾರ ತೋಟದಿಂದ ಬಂದ ಅಂಕಿಗಳನ್ನು ಗ್ರಾಫ್ ಮಾಡಿ ಅರ್ಥ ಹುಡುಕುವುದು. ಈ ವಾರದಿಂದ ಹಾರ್ಡ್‌ವೇರ್ ಮುಟ್ಟುವಂತಿಲ್ಲ. ಅಂಕಿ ಬೇಕಾದರೆ ಪೆಟ್ಟಿಗೆ ತೋಟದಲ್ಲಿ ಕನಿಷ್ಠ 10 ದಿನ ಕೂರಬೇಕು, ಹಾಗಾಗಿ 12 ಮತ್ತು 13ನೇ ವಾರ ತೋಟಕ್ಕೆ ಹೋಯಿತು. ತೋಟಕ್ಕೆ ಒಯ್ಯುವ ಮೊದಲು ಹಾಸ್ಟೆಲ್ ತಾರಸಿಯ ಮೇಲೆ ಮೂರು ದಿನ ಬಿಸಿಲು-ಮಳೆಗೆ ಇಟ್ಟು ನೋಡಬೇಕು, ಅದು 11ನೇ ವಾರ. ಪಿಸಿಬಿಗೆ ಬೆಸುಗೆ ಹಾಕಿ ಪರೀಕ್ಷಿಸುವುದು 10ನೇ ವಾರ. ಪಿಸಿಬಿ ಮಾಡಿಸಿ ತರಿಸಲು 7, 8, 9. ಅಂದರೆ 6ನೇ ವಾರದ ಕೊನೆಗೆ ಪಿಸಿಬಿಯ ಫೈಲ್ ಕಳಿಸಿರಬೇಕು. ಬ್ರೆಡ್‌ಬೋರ್ಡ್ ಮೇಲೆ ಕೆಲಸ ಮಾಡದ ಸರ್ಕ್ಯೂಟನ್ನು ಪಿಸಿಬಿಗೆ ಕಳಿಸಬಾರದು, ಹಾಗಾಗಿ 4, 5, 6ನೇ ವಾರ ಬ್ರೆಡ್‌ಬೋರ್ಡಿಗೆ. 3ನೇ ವಾರ ಸಾಮಾನು ಕೈಯಲ್ಲಿರಬೇಕು. 2ನೇ ವಾರದ ಆರಂಭದಲ್ಲೇ ಆರ್ಡರ್ ಹೋಗಿರಬೇಕು.

ನೋಡಿ, ಹಿಂದಕ್ಕೆ ಎಣಿಸಿದ ಕೂಡಲೇ ಒಂದು ವಿಷಯ ಎದುರು ನಿಲ್ಲುತ್ತದೆ. ಪ್ರಾಜೆಕ್ಟ್ ಇನ್ನೂ ಸರಿಯಾಗಿ ಅರ್ಥವಾಗದ ಎರಡನೇ ವಾರದಲ್ಲೇ ಖರೀದಿ ಆಗಬೇಕು. ಇದು ಅನ್ಯಾಯ ಅನ್ನಿಸುತ್ತದೆ, ಆದರೆ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಇರುವ ಉಪಾಯ ಒಂದೇ: ಖರೀದಿಯನ್ನು ಎರಡು ಸಲ ಮಾಡುವುದು. ಮೊದಲನೆಯದು ಅರ್ಥ ಮಾಡಿಕೊಳ್ಳುವುದಕ್ಕೆ, ಎರಡನೆಯದು ಕಟ್ಟುವುದಕ್ಕೆ. ಮೊದಲ ಖರೀದಿಯಲ್ಲಿ ಎಲ್ಲವೂ ಸರಿ ಇರಬೇಕೆಂದೇನಿಲ್ಲ, ಬೇಗ ಬಂದರೆ ಸಾಕು.

ಇನ್ನೊಂದು ಲೆಕ್ಕ. 16 ವಾರ ಎನ್ನುವುದು ಕ್ಯಾಲೆಂಡರಿನ ಮಾತು. ಇಂಟರ್ನಲ್ಸ್ ಎರಡೋ ಮೂರೋ ವಾರ ತಿನ್ನುತ್ತವೆ. ಗಣೇಶನ ಹಬ್ಬ, ದಸರಾ, ದೀಪಾವಳಿ ಮೂರೂ ಇದೇ ಸೆಮಿಸ್ಟರಿನಲ್ಲಿ ಬರುತ್ತವೆ. ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆದಿರುವ ದಿನಗಳಲ್ಲಿ ಊರಿನ ಬಸ್‌ಸ್ಟ್ಯಾಂಡ್, ರಸ್ತೆ ಹೇಗಿರುತ್ತವೆಂದು ನಿಮಗೇ ಗೊತ್ತು. ಆ ವಾರ ಪೆಟ್ಟಿಗೆ ಹೊತ್ತು ಸಕಲೇಶಪುರಕ್ಕೆ ಹೋಗಿಬರುವ ಯೋಜನೆ ಬೇಡ. ಕೈಯಿಟ್ಟು ಕೆಲಸ ಮಾಡಲು ನಿಜವಾಗಿ ಸಿಗುವುದು 11 ಅಥವಾ 12 ವಾರ. ಆದರೆ ನಮ್ಮ ಪಟ್ಟಿಯಲ್ಲಿ ಕೈ ಬೇಡದ ಕೆಲಸ ಎರಡಿವೆ: ಪಿಸಿಬಿ ತಯಾರಾಗಿ ಬರುವುದು, ಪೆಟ್ಟಿಗೆ ತೋಟದಲ್ಲಿ ಕೂರುವುದು. ಇಂಟರ್ನಲ್ಸ್ ಮತ್ತು ಹಬ್ಬದ ವಾರಗಳ ಮೇಲೆ ಇವೆರಡನ್ನೂ ಜಾರಿಸಿ ಕೂರಿಸಿ. ನೀವು ಪರೀಕ್ಷೆ ಬರೆಯುತ್ತಿರುವಾಗ ಪಿಸಿಬಿ ಅದರ ಪಾಡಿಗೆ ತಯಾರಾಗುತ್ತಿರುತ್ತದೆ. ಈ ಹೊಂದಾಣಿಕೆಯೊಂದನ್ನು ಮೊದಲ ವಾರದಲ್ಲೇ ಮಾಡಿದರೆ ಎರಡು ವಾರ ಉಳಿಯುತ್ತದೆ. ವಿಶ್ವವಿದ್ಯಾಲಯದ ಕ್ಯಾಲೆಂಡರ್, ಕಾಲೇಜಿನ ಇಂಟರ್ನಲ್ಸ್ ದಿನಾಂಕ, ಪಂಚಾಂಗ ಮೂರನ್ನೂ ಪಕ್ಕದಲ್ಲಿಟ್ಟುಕೊಂಡೇ ಪಟ್ಟಿ ಬರೆಯಿರಿ.

ಈಗ ಲೀಡ್ ಟೈಮ್‌ಗೆ ಬರೋಣ. ಅಂಗಡಿಯ ವೆಬ್‌ಸೈಟಿನಲ್ಲಿ ‘5 ದಿನದಲ್ಲಿ ತಲುಪುತ್ತದೆ’ ಎಂದಿದ್ದರೆ ನಮ್ಮ ಪಟ್ಟಿಯಲ್ಲಿ 5 ಎಂದು ಬರೆಯುತ್ತೇವೆ. ಅಲ್ಲೇ ಎಡವುವುದು. ನಮ್ಮ ಮಟ್ಟಿಗೆ ಲೀಡ್ ಟೈಮ್ ಶುರುವಾಗುವುದು ‘ಈ ಭಾಗವೇ ಬೇಕು’ ಎಂದು ನಾಲ್ವರೂ ಒಪ್ಪಿದ ದಿನ; ಮುಗಿಯುವುದು ಆ ಭಾಗ ಮೇಜಿನ ಮೇಲೆ ಕೆಲಸ ಮಾಡಿ ತೋರಿಸಿದ ದಿನ. ನಡುವೆ ದುಡ್ಡು ಕೂಡಿಸುವುದಿದೆ, ಕೊರಿಯರ್ ಇದೆ, ಕೊರಿಯರ್ ಆಫೀಸಿನಿಂದ ತರುವುದಿದೆ, ಪರೀಕ್ಷೆ ಇದೆ. 5 ದಿನ ಎಂದದ್ದು 12 ಆಗುತ್ತದೆ. ಕಾಲೇಜಿನ ಹಣದಲ್ಲಿ ಕೊಳ್ಳುವುದಾದರೆ ಮೂರು ಕೊಟೇಷನ್, ಹೆಚ್‌ಒಡಿ ಸಹಿ, ಆಫೀಸಿನ ಮಂಜೂರಾತಿ ಎಂದು ಇನ್ನೆರಡು ವಾರ ಸೇರಿಸಿ. ಹಾಗಾಗಿ ಮೊದಲ ಖರೀದಿ ನಾಲ್ವರ ಕೈದುಡ್ಡಿನಿಂದಲೇ ಆಗಲಿ. ಜಿಎಸ್‌ಟಿ ಬಿಲ್ ಯಾರ ಹೆಸರಿನಲ್ಲಿದ್ದರೆ ಹಣ ಮರಳಿ ಸಿಗುತ್ತದೆ ಎಂದು ಆರ್ಡರ್ ಮಾಡುವ ಮೊದಲೇ ಆಫೀಸಿನಲ್ಲಿ ಕೇಳಿಕೊಳ್ಳಿ.

ಹಾಸನದಿಂದ ನಮಗಿರುವ ದಾರಿ ಮೂರು. ಒಂದು, ಬೆಂಗಳೂರಿನ ಎಸ್.ಪಿ. ರಸ್ತೆ. ಸುಮಾರು 180 ಕಿಲೋಮೀಟರ್, ಬಸ್ಸಿನಲ್ಲಿ ನಾಲ್ಕು ಗಂಟೆ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ಸು. ಭಾನುವಾರ ಬಹುಪಾಲು ಅಂಗಡಿ ಮುಚ್ಚಿರುತ್ತವೆ. ಎರಡು, ದೇಶದೊಳಗಿನ ಆನ್‌ಲೈನ್ ಅಂಗಡಿಗಳು, ಒಂದು ವಾರ ಹಿಡಿಯಿರಿ. ಮೂರು, ಚೀನಾದಿಂದ ತರಿಸುವುದು. ಇಲ್ಲಿ ಎಚ್ಚರ ಬೇಕು. ಅಲ್ಲಿ ಅಕ್ಟೋಬರ್ 1ರಿಂದ ರಾಷ್ಟ್ರೀಯ ರಜೆ, ಒಂದು ವಾರ ಕಾರ್ಖಾನೆಗಳು ನಿಲ್ಲುತ್ತವೆ. ಪಿಸಿಬಿ ಕೈಗೆ ಬರಬೇಕಾದ ನಮ್ಮ 9ನೇ ವಾರ ಅಲ್ಲಿಗೇ ಬಂದು ಕೂರುತ್ತದೆ. ಅದರ ಮೇಲೆ ಕಸ್ಟಮ್ಸ್. ಈ ಸೆಮಿಸ್ಟರಿನ ಪಿಸಿಬಿಯನ್ನು ದೇಶದೊಳಗೇ ಮಾಡಿಸಿ, ಸ್ವಲ್ಪ ದುಬಾರಿಯಾದರೂ ಸರಿ. ಮುಂದಿನ ಸೆಮಿಸ್ಟರಿಗೂ ಇದೇ ಮಾತು, ಜನವರಿ-ಫೆಬ್ರವರಿಯಲ್ಲಿ ಅವರ ಹೊಸ ವರ್ಷದ ರಜೆ ಇದಕ್ಕಿಂತ ದೊಡ್ಡದು.

ಸಾಮಾನು ಬಂತು. ಡಬ್ಬಿ ಬಿಚ್ಚಿ, ಎಣಿಸಿ, ಕಪಾಟಿನಲ್ಲಿಟ್ಟು ‘ಬಂದಿದೆ’ ಎಂದು ಟಿಕ್ ಹಾಕಬೇಡಿ. ಆನ್‌ಲೈನ್ ಅಂಗಡಿಗಳಲ್ಲಿ ಮರಳಿಸಲು ಸಿಗುವುದು ಕೆಲವೇ ದಿನ. ಹಾಳಾದ ಭಾಗ ನಿಮ್ಮ ಕಪಾಟಿನಲ್ಲಿ ಮೂರು ವಾರ ಮಲಗಿ, ಬೇಕಾದ ದಿನ ಎದ್ದು ಕೈಕೊಟ್ಟರೆ ಹೋಗುವುದು ದುಡ್ಡಲ್ಲ, ಮೂರು ವಾರ. ನಮ್ಮ ಪ್ರಾಜೆಕ್ಟಿನ ಎರಡು ಭಾಗಗಳನ್ನು ಹತ್ತಿರದಿಂದ ನೋಡೋಣ, ಎರಡೂ ಹೀಗೆ ಕೈಕೊಡುವುದರಲ್ಲಿ ಹೆಸರಾದವು.

ಮೊದಲನೆಯದು ಕೆಪಾಸಿಟಿವ್ ಮಣ್ಣು-ತೇವ ಸೆನ್ಸರ್. ಕಪ್ಪು ಬಣ್ಣದ, ಅಗಲ ಪಟ್ಟಿಯಂಥ, `v1.2` ಎಂದು ಬರೆದಿರುವ ಬೋರ್ಡ್. ಅಗ್ಗದ್ದು, ಎಲ್ಲ ಕಡೆ ಸಿಗುತ್ತದೆ. ನೋಡಲು ಒಂದೇ ಥರ ಇದ್ದರೂ ಒಳಗೆ ಬೇರೆ ಬೇರೆ. ಬರಿಗಣ್ಣಿಗೆ ಕಾಣದಿದ್ದರೆ ಫೋನಿನ ಕ್ಯಾಮೆರಾ ಝೂಮ್ ಮಾಡಿ, ಎಂಟು ಕಾಲಿನ ಚಿಪ್ ಮೇಲಿನ ಅಕ್ಷರ ಓದಿ. `TLC555` ಎಂದಿದ್ದರೆ ಒಳ್ಳೆಯದು. `NE555` ಎಂದಿದ್ದರೆ ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು. ನಾವು ಕೊಡುವುದು 3.3. ಅದು ಕೆಲಸ ಮಾಡುವುದಿಲ್ಲ, ಮಾಡಿದರೂ ನಂಬುವಂತಿಲ್ಲ. ಆಮೇಲೆ ಒಂದು ಲೋಟ ನೀರು ತಗೊಂಡು, ಬೋರ್ಡಿನ ಮೇಲಿನ ಗೆರೆಯವರೆಗೆ ಅದ್ದಿ ತೆಗೆಯಿರಿ. ಅದ್ದಿದ ಕೂಡಲೇ ವೋಲ್ಟೇಜ್ ಇಳಿಯಬೇಕು, ಒರೆಸಿದ ಕೂಡಲೇ ಏರಬೇಕು. ಮೆಲ್ಲಗೆ, ಎಷ್ಟೋ ಸೆಕೆಂಡುಗಳಲ್ಲಿ ತೆವಳುತ್ತಾ ಬದಲಾದರೆ ಅದರಲ್ಲಿ 1 ಮೆಗಾ ಓಮ್ ರೆಸಿಸ್ಟರ್‌ನ ಒಂದು ತುದಿ ಗ್ರೌಂಡಿಗೆ ಸೇರಿಲ್ಲ ಎಂದರ್ಥ. ಇದು ತಯಾರಿಕೆಯಲ್ಲೇ ಉಳಿದುಬಿಟ್ಟಿರುವ ದೋಷ. ಒಂದು ತುಂಡು ತಂತಿ ಬೆಸುಗೆ ಹಾಕಿದರೆ ಸರಿಹೋಗುತ್ತದೆ, ಆದರೆ ಗೊತ್ತಿರಬೇಕಲ್ಲ. ಮೂರನೆಯ ತೊಂದರೆ ಅದರ ಅಂಚು. ಬೋರ್ಡ್ ಕತ್ತರಿಸಿದ ಅಂಚಿಗೆ ಲೇಪನ ಇರುವುದಿಲ್ಲ, ಒದ್ದೆ ಮಣ್ಣಿನಲ್ಲಿ ಅಲ್ಲಿಂದ ನೀರು ಹೀರುತ್ತದೆ. ಕೆಲವು ದಿನದ ನಂತರ ಒಣ ಮಣ್ಣಲ್ಲೂ ‘ತೇವ’ ಎಂದೇ ತೋರಿಸುತ್ತದೆ. ಅಂಚಿಗೆ ಉಗುರು ಬಣ್ಣ ಎರಡು ಕೋಟ್, ಮೇಲಿನ ಚಿಪ್‌ಗಳ ಭಾಗಕ್ಕೆ ಎಪಾಕ್ಸಿ. ಪೂರ್ತಿ ಒಣಗಲು ಒಂದು ದಿನ ಬಿಡಿ, ಆ ದಿನವನ್ನೂ ಪಟ್ಟಿಯಲ್ಲಿ ಬರೆಯಿರಿ.

ಹೀಗಾಗಿ ಎರಡು ಸೆನ್ಸರ್ ಬೇಕಿದ್ದರೆ ಐದು ಕೊಳ್ಳಿ. ಇದು ದುಂದಲ್ಲ. ಐದರಲ್ಲಿ ಆರಿಸಿ ಎರಡನ್ನು ಇಟ್ಟುಕೊಳ್ಳುವುದು, ಎರಡು ಕೊಂಡು ಹಾಳಾದ ಒಂದಕ್ಕೆ ಮತ್ತೆ 12 ದಿನ ಕಾಯುವುದಕ್ಕಿಂತ ಎಷ್ಟೋ ಅಗ್ಗ.

ಸೆನ್ಸರಿಗೆ ಇನ್ನೊಂದು ಕಾಣದ ಕಾಲ ಇದೆ. ವೋಲ್ಟೇಜನ್ನು ಶೇಕಡಾ ತೇವವಾಗಿ ಬದಲಿಸಲು ಅದೇ ತೋಟದ ಮಣ್ಣು ಬೇಕು. ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಬೇಕು. ಇದಕ್ಕೆ ಬೇಕಾದ ಓವನ್ ಸಿವಿಲ್ ವಿಭಾಗದ ಮಣ್ಣಿನ ಲ್ಯಾಬಿನಲ್ಲಿರುತ್ತದೆ. ಅಲ್ಲಿಯ ಲ್ಯಾಬ್ ಸಹಾಯಕರ ಹತ್ತಿರ ಮೂರನೇ ವಾರದಲ್ಲೇ ಮಾತಾಡಿ ದಿನ ಗೊತ್ತು ಮಾಡಿಕೊಳ್ಳಿ. ಓವನ್ ಕೂಡ ಲೀಡ್ ಟೈಮ್ ಇರುವ ಭಾಗವೇ.

ಎರಡನೆಯದು ರೇಡಿಯೋ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಲೋರಾಗೆ ಬಳಸುವ ಆವರ್ತನ ಪಟ್ಟಿ 865ರಿಂದ 868 ಮೆಗಾಹರ್ಟ್ಸ್. ಅಂಗಡಿಯಲ್ಲಿ ಅಗ್ಗಕ್ಕೆ ಎದುರಾಗುವುದು 433ರ ಮಾಡ್ಯೂಲ್. ಎರಡೂ ನೋಡಲು ಹೆಚ್ಚುಕಮ್ಮಿ ಒಂದೇ. ನಮಗೆ ಬೇಕಾದದ್ದು `SX1276` ಚಿಪ್ ಇರುವ, 868 ಎಂದು ಮಾರುವ ಮಾಡ್ಯೂಲ್. ಬಂದ ದಿನ ಆಂಟೆನಾ ಸಿಕ್ಕಿಸಿ, ಆಮೇಲೆ ಕರೆಂಟ್ ಕೊಡಿ. ಆಂಟೆನಾ ಇಲ್ಲದೆ ಕಳಿಸಲು ಹೇಳಿದರೆ ಮಾಡ್ಯೂಲ್ ಸುಡಬಹುದು. 5 ವೋಲ್ಟ್ ಅಂತೂ ಕೊಡಲೇಬೇಡಿ, ಅದು 3.3ರ ಚಿಪ್. ಮೊದಲ ಪರೀಕ್ಷೆ ಇಷ್ಟೇ:

```
LoRa.setPins(5, 14, 2);
if (!LoRa.begin(866E6)) {
  Serial.println("LoRa fail");
}
```

ಇಲ್ಲಿ `begin` ಚಿಪ್‌ನ `0x42` ರಿಜಿಸ್ಟರ್ ಓದಿ, ಅಲ್ಲಿ `0x12` ಇದೆಯೇ ನೋಡುತ್ತದೆ. ಇಲ್ಲದಿದ್ದರೆ ತಂತಿ ತಪ್ಪಿದೆ ಅಥವಾ ಚಿಪ್ ಸತ್ತಿದೆ. ಆದರೆ ಇದು ಪಾಸಾದರೆ ಎಲ್ಲ ಸರಿ ಎಂದಲ್ಲ. 433ರ ಮಾಡ್ಯೂಲಿಗೂ 866 ಎಂದು ಹೇಳಿದರೆ ಅದು ಸುಮ್ಮನೆ ಒಪ್ಪಿಕೊಳ್ಳುತ್ತದೆ. ಮೇಜಿನ ಮೇಲೆ ಪ್ಯಾಕೆಟ್ ಹೋಗುತ್ತದೆ, ಬರುತ್ತದೆ, ನೀವು ಖುಷಿಯಾಗಿ ಟಿಕ್ ಹಾಕುತ್ತೀರಿ. ತೋಟಕ್ಕೆ ಹೋದಾಗ ಗೇಟು ದಾಟುವುದಿಲ್ಲ. ಇದನ್ನು ಮೇಜಿನ ಮೇಲೇ ಹಿಡಿಯಬಹುದು: ಎರಡು ಬೋರ್ಡ್‌ಗಳನ್ನು ಒಂದು ಮೀಟರ್ ದೂರದಲ್ಲಿಟ್ಟು `LoRa.packetRssi()` ಓದಿ. ಮೈನಸ್ 50ರ ಆಸುಪಾಸು ಅಥವಾ ಅದಕ್ಕಿಂತ ಬಲವಾಗಿದ್ದರೆ ಸರಿ. ಅಷ್ಟು ಹತ್ತಿರದಲ್ಲೂ ಮೈನಸ್ 90 ತೋರಿಸಿದರೆ ಮಾಡ್ಯೂಲೋ ಆಂಟೆನಾನೋ ಬೇರೆ ಪಟ್ಟಿಯದು. ತಂತಿಯ ಆಂಟೆನಾ ಆದರೆ ಸ್ಕೇಲ್ ಹಿಡಿದು ಅಳೆಯಿರಿ. ತರಂಗದ ಉದ್ದದ ಕಾಲು ಭಾಗ 866ಕ್ಕೆ ಸುಮಾರು 8.7 ಸೆಂಟಿಮೀಟರ್, 433ಕ್ಕೆ ಸುಮಾರು 17.3. ಸ್ಕೇಲಿನಿಂದ ಹತ್ತು ಸೆಕೆಂಡಿನಲ್ಲಿ ಸಿಗುವ ಉತ್ತರವನ್ನು ತೋಟದಲ್ಲಿ ಹುಡುಕಲು ಎರಡು ದಿನ ಬೇಕು.

ಇನ್ನು ಮೈಲಿಗಲ್ಲುಗಳು. ರಿವ್ಯೂನಲ್ಲಿ ‘ರೇಡಿಯೋ ಕೆಲಸ 70 ಪರ್ಸೆಂಟ್ ಮುಗಿದಿದೆ ಸರ್’ ಎಂಬ ಮಾತು ಬಂದರೆ ಅಲ್ಲಿ ಮೈಲಿಗಲ್ಲು ಇಲ್ಲ ಎಂದೇ ತಿಳಿಯಿರಿ. ಇನ್ನೊಬ್ಬರು ಬಂದು ನೋಡಿ ಹೌದು ಅಥವಾ ಇಲ್ಲ ಎನ್ನುವಂತಿರಬೇಕು. ನಮ್ಮ ಪ್ರಾಜೆಕ್ಟಿಗೆ ನಾಲ್ಕು ಸಾಕು. 3ನೇ ವಾರದ ಶನಿವಾರ: ಪ್ರತಿ ಭಾಗವೂ ಒಂಟಿಯಾಗಿ ಮೇಜಿನ ಮೇಲೆ ಪರೀಕ್ಷೆ ಪಾಸಾಗಿದೆ. 6ನೇ ವಾರದ ಶನಿವಾರ: ಬ್ರೆಡ್‌ಬೋರ್ಡ್ ಬ್ಯಾಟರಿಯ ಮೇಲೆ 24 ಗಂಟೆ ಓಡಿ, ಕಳಿಸಿದ 96 ಪ್ಯಾಕೆಟ್‌ನಲ್ಲಿ ಕನಿಷ್ಠ 90 ಬಂದಿವೆ. 11ನೇ ವಾರ: ಪೆಟ್ಟಿಗೆ ತಾರಸಿಯಲ್ಲಿ ಮೂರು ದಿನ ಇದ್ದು, ಬಿಚ್ಚಿ ನೋಡಿದಾಗ ಒಳಗೆ ಒಂದು ಹನಿ ನೀರಿಲ್ಲ. 13ನೇ ವಾರ: ತೋಟದಲ್ಲಿ 10 ದಿನ, 960 ಪ್ಯಾಕೆಟ್‌ನಲ್ಲಿ 860ಕ್ಕಿಂತ ಹೆಚ್ಚು ಬಂದಿವೆ. ಇವನ್ನು ಆ ಕೆಲಸ ಮಾಡಿದವರಲ್ಲ, ತಂಡದ ಇನ್ನೊಬ್ಬರು ನೋಡಿ ಸಹಿ ಹಾಕಲಿ. ಇದರಿಂದ ಇನ್ನೊಂದು ಪ್ರಯೋಜನವೂ ಇದೆ: ರೇಡಿಯೋ ನೋಡಿಕೊಳ್ಳುವವರಿಗೆ ಜ್ವರ ಬಂದರೆ ಅದನ್ನು ಒಮ್ಮೆಯಾದರೂ ಓಡಿಸಿ ನೋಡಿದವರು ಇನ್ನೊಬ್ಬರು ಇರುತ್ತಾರೆ.

ಈಗ ಬದಲಿ ಯೋಜನೆ. ‘ಪಿಸಿಬಿ ಬರದಿದ್ದರೆ ಝೀರೋ ಬೋರ್ಡ್ ಮೇಲೆ ಮಾಡುತ್ತೇವೆ’ ಎಂದು ಎಲ್ಲ ವರದಿಗಳಲ್ಲೂ ಇರುತ್ತದೆ. ಯಾವ ದಿನ ಎಂದು ಇರುವುದಿಲ್ಲ. ದಿನ ಇಲ್ಲದಿದ್ದರೆ ಏನಾಗುತ್ತದೆ ಗೊತ್ತೇ? ಪಿಸಿಬಿ ‘ನಾಳೆ ಬರುತ್ತದೆ’ ಎನ್ನುತ್ತಾ ಎರಡು ವಾರ ಕಳೆಯುತ್ತದೆ, ಆಮೇಲೆ ಝೀರೋ ಬೋರ್ಡ್‌ಗೂ ಸಮಯ ಇರುವುದಿಲ್ಲ. ಪ್ರತಿ ಬದಲಿಗೂ ಒಂದು ತಿರುವು ದಿನ ಬೇಕು, ಆ ದಿನವನ್ನು ಊಹಿಸಬಾರದು, ಲೆಕ್ಕ ಹಾಕಬೇಕು. ನಮ್ಮ ಸರ್ಕ್ಯೂಟನ್ನು ಝೀರೋ ಬೋರ್ಡ್ ಮೇಲೆ ಬೆಸೆದು ಪರೀಕ್ಷಿಸಲು ಇಬ್ಬರಿಗೆ ನಾಲ್ಕು ದಿನ. ಅದು 10ನೇ ವಾರದ ಶನಿವಾರ ಮುಗಿಯಬೇಕು. ಹಾಗಾದರೆ ತಿರುವು ದಿನ ಅದೇ ವಾರದ ಮಂಗಳವಾರ. ಮಂಗಳವಾರ ಸಂಜೆಯ ಕೊರಿಯರ್‌ನಲ್ಲೂ ಪಿಸಿಬಿ ಬರಲಿಲ್ಲವೇ, ಬುಧವಾರ ಬೆಳಿಗ್ಗೆ ಬೆಸುಗೆ ಕಾಯಿಸಿ. ಗುರುವಾರ ಪಿಸಿಬಿ ಬಂದರೂ ಹಿಂದಿರುಗಬೇಡಿ. ಇದನ್ನು ಮೊದಲ ವಾರದಲ್ಲೇ, ಯಾರಿಗೂ ಯಾವುದರ ಮೇಲೂ ಮೋಹ ಇಲ್ಲದಿರುವಾಗ, ನಾಲ್ವರೂ ಒಪ್ಪಿ ಬರೆದಿಡಬೇಕು.

ಎರಡನೇ ಬದಲಿ ಸೋಲಾರಿಗೆ. ಎಲ್ಲ ತಂಡಗಳೂ ಪೆಟ್ಟಿಗೆಯ ಮೇಲೊಂದು ಸೋಲಾರ್ ಪ್ಯಾನೆಲ್ ಬರೆಯುತ್ತವೆ. ಕಾಫಿ ಬೆಳೆಯುವುದು ಮರದ ನೆರಳಿನಲ್ಲಿ. ಸಿಲ್ವರ್ ಓಕ್ ಕೆಳಗೆ, ಮೋಡದ ದಿನ, ಆ ಪುಟ್ಟ ಪ್ಯಾನೆಲ್ ಕೊಡುವುದು ಲೆಕ್ಕಕ್ಕಿಲ್ಲ. ಸೋಲಾರ್ ಇಲ್ಲವೆಂದೇ ಇಟ್ಟುಕೊಂಡು ಲೆಕ್ಕ ಹಾಕೋಣ. ನಮ್ಮ ಪೆಟ್ಟಿಗೆಯನ್ನು ನಡೆಸುವ `ESP32` ಡೆವ್ ಬೋರ್ಡ್ ಮಲಗಿದ್ದಾಗಲೂ ಅದರ ರೆಗ್ಯುಲೇಟರ್, ಯುಎಸ್‌ಬಿ ಚಿಪ್, ಕೆಂಪು ದೀಪ ಸೇರಿ ಸುಮಾರು 10 ಮಿಲಿಆಂಪ್ ಎಳೆಯುತ್ತವೆ. ದಿನಕ್ಕೆ 240 ಮಿಲಿಆಂಪ್-ಗಂಟೆ. ಎದ್ದು ಅಳೆದು ಕಳಿಸಲು ಇನ್ನು 13, 14 ಸೇರಿಸಿ, 255 ಎನ್ನಿ. 2500ರ ಒಂದು 18650 ಸೆಲ್‌ನಲ್ಲಿ ಧೈರ್ಯವಾಗಿ ಬಳಸಬಹುದಾದ್ದು 2000. ಎಂಟು ದಿನಕ್ಕೂ ಸಾಲದು, ನಮಗೆ ಬೇಕಾದದ್ದು 10. ಒಂದೇ ಥರದ, ಪೂರ್ತಿ ಚಾರ್ಜ್ ಆದ ಎರಡು ಸೆಲ್ ಸಮಾನಾಂತರವಾಗಿ ಹಾಕಿದರೆ 15 ದಿನ. ಸೋಲಾರ್ ಕೆಲಸ ಮಾಡಿದರೆ ಲಾಭ, ಮಾಡದಿದ್ದರೂ ಪ್ರಾಜೆಕ್ಟ್ ನಿಲ್ಲುವುದಿಲ್ಲ. ಇಲ್ಲಿ ಇನ್ನೊಂದು ಸೂಕ್ಷ್ಮ: ಡೆವ್ ಬೋರ್ಡ್ ಮೇಲಿರುವ `AMS1117` ರೆಗ್ಯುಲೇಟರಿಗೆ 3.3 ಕೊಡಲು ಒಳಬರುವ ವೋಲ್ಟೇಜ್ ಅದಕ್ಕಿಂತ ಒಂದು ವೋಲ್ಟಿಗೂ ಹೆಚ್ಚು ಮೇಲಿರಬೇಕು. 3.7ರ ಸೆಲ್‌ನಲ್ಲಿ ಅಷ್ಟಿಲ್ಲ. ರೇಡಿಯೋ ಕಳಿಸುವ ಕ್ಷಣ ವೋಲ್ಟೇಜ್ ಕುಸಿದು, ಸೀರಿಯಲ್ ಮಾನಿಟರಿನಲ್ಲಿ `Brownout detector was triggered` ಎಂದು ಬಂದು ಬೋರ್ಡ್ ಮತ್ತೆ ಮತ್ತೆ ಶುರುವಾಗುತ್ತದೆ. ಯುಎಸ್‌ಬಿಯಲ್ಲಿ ಇದು ಕಾಣುವುದೇ ಇಲ್ಲ. 6ನೇ ವಾರದ ಮೈಲಿಗಲ್ಲಿನಲ್ಲಿ ‘ಬ್ಯಾಟರಿಯ ಮೇಲೆ’ ಎಂದು ಬರೆದದ್ದು ಇದಕ್ಕೇ. ಇದಕ್ಕೆ `HT7333`ನಂಥ ಕಡಿಮೆ ವೋಲ್ಟೇಜಿನಲ್ಲೂ ನಡೆಯುವ ರೆಗ್ಯುಲೇಟರ್ ಹಾಕಿ `3V3` ಪಿನ್‌ಗೆ ಕೊಡಿ, ವೈಫೈ ಆಫ್ ಮಾಡಿ. ಅದು ಕೊಡುವುದು 250 ಮಿಲಿಆಂಪ್, ಲೋರಾಗೆ ಸಾಕು, ವೈಫೈಗೆ ಸಾಲದು.

ಮೂರನೇ ಬದಲಿ ರೇಡಿಯೋಗೆ. ತೋಟದ ಇಳಿಜಾರು ಅಡ್ಡ ಬಂದರೆ ಮೊದಲು ರಿಸೀವರ್ ಆಂಟೆನಾವನ್ನು ಮನೆಯ ಮಾಡಿನ ಮೇಲಕ್ಕೆ ಏರಿಸಿ. ಆಮೇಲೆ ಎರಡೂ ಕಡೆ ಸ್ಪ್ರೆಡಿಂಗ್ ಫ್ಯಾಕ್ಟರ್ 7ರಿಂದ 10ಕ್ಕೆ ಏರಿಸಿ. ನಿಧಾನವಾಗುತ್ತದೆ, ದೂರ ಹೆಚ್ಚುತ್ತದೆ. ಎರಡೂ ಸೋತರೆ ಅಂಕಿ ಪೆಟ್ಟಿಗೆಯಲ್ಲೇ ಉಳಿಯಬೇಕು. ಎಸ್‌ಡಿ ಕಾರ್ಡ್ ಮಾಡ್ಯೂಲ್ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಆದರೆ ಅಗ್ಗದ ಎಸ್‌ಡಿ ಮಾಡ್ಯೂಲ್‌ಗಳು ರೇಡಿಯೋ ಜೊತೆ ಒಂದೇ ಎಸ್‌ಪಿಐ ತಂತಿ ಹಂಚಿಕೊಂಡಾಗ ತಮ್ಮ ಸರದಿ ಮುಗಿದರೂ ತಂತಿ ಬಿಟ್ಟುಕೊಡುವುದಿಲ್ಲ, ನೆಟ್ಟಗಿದ್ದ ರೇಡಿಯೋವೂ ನಿಲ್ಲುತ್ತದೆ. ಅದರ ಬದಲು ಲೆಕ್ಕ ನೋಡಿ: 960 ಸಲ, ಸಲಕ್ಕೆ 20 ಬೈಟ್, ಒಟ್ಟು 19 ಸಾವಿರ ಚಿಲ್ಲರೆ ಬೈಟ್. `ESP32` ಒಳಗಿನ ಫ್ಲ್ಯಾಶ್‌ನಲ್ಲಿ `LittleFS` ಮೂಲಕ ಬರೆದರೆ ಧಾರಾಳವಾಗಿ ಹಿಡಿಸುತ್ತದೆ. ಕೊಳ್ಳುವುದೇನಿಲ್ಲ, ಕಾಯುವುದೇನಿಲ್ಲ. ರೇಡಿಯೋ ಸರಿ ಇದ್ದರೂ ಇದನ್ನು ಮೊದಲಿನಿಂದಲೇ ಬರೆಯುತ್ತಿರಿ, ಆಗ ತಿರುವು ದಿನವೇ ಬೇಕಿಲ್ಲ. ಒಂದು ಷರತ್ತು ಇದೆ. ಮಲಗಿರುವ `ESP32`ನ ಒಳಗಿನ ಗಡಿಯಾರ ದಿನಕ್ಕೆ ನಿಮಿಷಗಟ್ಟಲೆ ತಪ್ಪುತ್ತದೆ. ರೇಡಿಯೋ ಇದ್ದಾಗ ಸಮಯ ಬರೆದುಕೊಳ್ಳುವುದು ರಿಸೀವರ್, ತೊಂದರೆಯಿಲ್ಲ. ರೇಡಿಯೋ ಹೋದರೆ ಸಮಯವೂ ಹೋಯಿತು. ಹಾಗಾಗಿ `DS3231` ಗಡಿಯಾರದ ಮಾಡ್ಯೂಲ್ ಒಂದು ಬೇಕು. 12ನೇ ವಾರದಲ್ಲಿ ಬೇಕಾಗಬಹುದಾದ ಬದಲಿಗೆ 2ನೇ ವಾರದ ಆರ್ಡರಿನಲ್ಲೇ ಒಂದು ಭಾಗ ಸೇರಿತು ನೋಡಿ. ಬದಲಿ ಯೋಜನೆಗಳನ್ನು ಖರೀದಿಗೆ ಮೊದಲೇ ಬರೆಯಬೇಕು ಎನ್ನುವುದು ಇದೇ ಕಾರಣಕ್ಕೆ.

ಉಪನ್ಯಾಸದ ನಂತರ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ: ‘ಸರ್, ಎಲ್ಲ ಸರಿಯಾಗಿ ತೋಟದಲ್ಲಿ ಓಡಿದೆ, ಆದರೆ ಡೆಮೊ ದಿನವೇ ಬೋರ್ಡ್ ಸತ್ತರೆ?’

ಅದಕ್ಕೂ ತಯಾರಿ ಇದೆ. `ESP32` ಮತ್ತು ರೇಡಿಯೋವನ್ನು ಪಿಸಿಬಿಗೆ ನೇರ ಬೆಸೆಯಬೇಡಿ, ಫೀಮೇಲ್ ಹೆಡರ್ ಹಾಕಿ ಅದರ ಮೇಲೆ ಕೂರಿಸಿ. `ESP32` ಮೂರು, ರೇಡಿಯೋ ಮೂರು ಕೊಂಡಿರುತ್ತೀರಿ. ಎರಡು ಕೆಲಸಕ್ಕೆ, ಮೂರನೆಯದು ಬದಲಿಗೆ. ಆ ಮೂರನೇ ಬೋರ್ಡಿಗೆ ಕೊನೆಯ ಪ್ರೋಗ್ರಾಮನ್ನು 14ನೇ ವಾರದಲ್ಲೇ ಹಾಕಿ, ಮೇಲೆ ಚೀಟಿ ಅಂಟಿಸಿ, ಒಮ್ಮೆ ಬದಲಿಸಿ ಓಡಿಸಿ ನೋಡಿಡಿ. ಸತ್ತ ಬೋರ್ಡ್ ಕಿತ್ತು ಇದನ್ನು ಕೂರಿಸಲು ಒಂದು ನಿಮಿಷ. ಡೆಮೊ ದಿನ ಹೊಸದಾಗಿ ಪ್ರೋಗ್ರಾಂ ತುಂಬುವ ಕೆಲಸ ಇಟ್ಟುಕೊಳ್ಳಬೇಡಿ. ಮೇಜಿನ ಮೇಲೆ ತೋಟದ ಮಣ್ಣಿನ ಎರಡು ಡಬ್ಬಿ ಇರಲಿ, ಒಂದು ಒಣಗಿದ್ದು, ಒಂದು ನೀರು ಹಾಕಿದ್ದು. ಸೆನ್ಸರನ್ನು ಒಂದರಿಂದ ಇನ್ನೊಂದಕ್ಕೆ ಚುಚ್ಚಿದಾಗ ಅಂಕಿ ಬದಲಾಗುವುದನ್ನು ಪರೀಕ್ಷಕರು ಕಣ್ಣಾರೆ ನೋಡುತ್ತಾರೆ. ಆ ಡೆಮೊಗಾಗಿ ಪ್ರೋಗ್ರಾಮಿನಲ್ಲಿ ಒಂದು ಬಟನ್ ಇಟ್ಟಿರಿ, ಒತ್ತಿದರೆ 15 ನಿಮಿಷ ಕಾಯದೆ 5 ಸೆಕೆಂಡಿಗೊಮ್ಮೆ ಕಳಿಸಬೇಕು. ಆ ಬಟನ್ 6ನೇ ವಾರದ ಪಿಸಿಬಿ ಫೈಲಿನಲ್ಲೇ ಇರಬೇಕು.